ಕಥೆ ಮುಗಿಯುವವರೆಗೆ ಎಲ್ಲರೂ ಜೊತೆಗಿದ್ದರು, ಸಂದೇಶ ಶುರುವಾದಾಗ ದೂರವಾದರು: ಲಕ್ಕಮ್ಮನ ಕಥೆ ಹೇಳಿದ ಅನುಭವ, ಸಲಹೆ ಬೇಕು

ಓಣಿಯ ಹುಡುಗ, ಧಾರವಾಡ

ಎಲ್ಲರಿಗೂ ಶರಣು. ನಮ್ಮ ಓಣಿಯ ಬಸವಣ್ಣನ ಗುಡಿಯ ಪಡಸಾಲೆಯಲ್ಲಿ ಶ್ರಾವಣ ಸೋಮವಾರಗಳಂದು ಸಂಜೆ 7 ಗಂಟೆಗೆ ಸಣ್ಣ ಪ್ರವಚನ ನಡೆಯುತ್ತದೆ. 25 ಮಂದಿ ಕೂಡಿದರೆ ಹೆಚ್ಚು. ನಿವೃತ್ತರು, ತಾಯಂದಿರು, ಅವರ ಜೊತೆ ಬಂದ ನಾಲ್ಕೈದು ಮಕ್ಕಳು. ಪ್ರತಿವರ್ಷ ಹೇಳುತ್ತಿದ್ದ ಹಿರಿಯರಿಗೆ ಮೊಣಕಾಲು ನೋವು ಹೆಚ್ಚಾಗಿದ್ದರಿಂದ ಈ ಸಲ ನನಗೆ ಹೇಳಲು ಒಪ್ಪಿಸಿದರು. ನನಗೆ ಇದು ಮೊದಲ ಸಲ.

ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಆರಿಸಿಕೊಂಡೆ. ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಾನೆ, ಒಂದು ದಿನ ಹೆಚ್ಚು ತರುತ್ತಾನೆ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳುತ್ತಾಳೆ. ಅಲ್ಲಿಯವರೆಗೆ ಒಂದು ಬಳೆಯ ಸದ್ದೂ ಇರಲಿಲ್ಲ. ಮಕ್ಕಳು ಕೂಡ ಬಾಯಿ ತೆರೆದು ಕೇಳುತ್ತಿದ್ದರು. ಆಮೇಲೆ ನಾನು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಆದ ಹಾಗೆಯೇ ಬರೆಯುತ್ತೇನೆ:

"ನೋಡಿ, ಒಂದು ಹಿಡಿ ಅಕ್ಕಿಯೂ ಹೆಚ್ಚಿಗೆ ಬೇಡ ಎಂದಳು ಆ ತಾಯಿ. ಆದರೆ ಇಂದು ನಾವು ಏನು ಮಾಡುತ್ತಿದ್ದೇವೆ? ಒಡಹುಟ್ಟಿದವರು ಒಂದು ಗುಂಟೆ ಜಾಗಕ್ಕಾಗಿ ಕೋರ್ಟು ಹತ್ತುತ್ತಾರೆ. ಮದುವೆಗೆ ಸಾಲ ಮಾಡಿ ಮೆರೆಯುತ್ತೇವೆ. ಮಕ್ಕಳಿಗೆ ಮೊಬೈಲ್ ಬೇಕು, ನಮಗೆ ಕಾರು ಬೇಕು. ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ ಎಂದಿದ್ದಾಳೆ ಲಕ್ಕಮ್ಮ. ಆಸೆ ಬಿಡಬೇಕು, ಹಂಚಿ ತಿನ್ನಬೇಕು, ಹಿರಿಯರನ್ನು ಗೌರವಿಸಬೇಕು..."

ಹೀಗೆ 13 ನಿಮಿಷ ಹೋಯಿತು. ಕಥೆಗೆ ಹಿಡಿದದ್ದು 9 ನಿಮಿಷ. ಎರಡನೆಯ ನಿಮಿಷಕ್ಕೇ ಮುಖಗಳು ಕೆಳಗಾದವು, ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು. ಮುಂದೆ ಕುಳಿತಿದ್ದ ಒಬ್ಬ ಹಿರಿಯರು ಮಂಗಳಾರತಿಯಾದ ಕೂಡಲೇ ಸಜ್ಜಕದ ಪ್ರಸಾದವನ್ನೂ ತೆಗೆದುಕೊಳ್ಳದೆ ಎದ್ದು ಹೋದರು. ಅವರ ಮನೆಯಲ್ಲಿ ಅಣ್ಣತಮ್ಮಂದಿರ ಜಾಗದ ವ್ಯಾಜ್ಯ ನಡೆಯುತ್ತಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅವರನ್ನು ನೋಯಿಸಿದೆ ಎಂಬ ಸಂಕಟ ಹೋಗುತ್ತಿಲ್ಲ. ಮುಂದಿನ ಸೋಮವಾರ ಮತ್ತೆ ನಾನೇ ಹೇಳಬೇಕು. ಕಥೆಯಿಂದ ಸಂದೇಶಕ್ಕೆ ಹೊರಳುವಾಗ ಎಲ್ಲಿ ತಪ್ಪಿದೆ?

ಕಾಯಕಜೀವಿ, ಹುಬ್ಬಳ್ಳಿ

ತಮ್ಮಾ, ಧೈರ್ಯ ಕಳೆದುಕೊಳ್ಳಬೇಡಿ. ನಿಮ್ಮ ತಪ್ಪು ಒಂದೇ, ವಚನದ ಬಲ ಸಾಲಲಿಲ್ಲ. ಸ್ವಂತ ಮಾತು ಹೆಚ್ಚಾದಾಗ ಜನ ನಮ್ಮನ್ನು ಅಳೆಯುತ್ತಾರೆ, ವಚನ ಹೇಳಿದಾಗ ಶರಣರನ್ನು ಕೇಳುತ್ತಾರೆ. ಈ ಕಥೆಗೆ ಬಸವಣ್ಣನವರ "ಕಾಯಕವೇ ಕೈಲಾಸ" ವಚನವನ್ನು ಜೋಡಿಸಿ, ಅದರ ಜೊತೆಗೆ ದಾಸೋಹದ ಮೇಲೆ ಎರಡು, ಆಸೆ ತೊರೆಯುವುದರ ಮೇಲೆ ಒಂದು ವಚನ ಸೇರಿಸಿ. ಸಂದೇಶವನ್ನು ಮಾತ್ರ ಬಿಡಿಸಿ ಹೇಳಲೇಬೇಕು. ವಯಸ್ಸಾದವರು ದಿನವಿಡೀ ದಣಿದು ಬಂದಿರುತ್ತಾರೆ, ಒಗಟು ಬಿಡಿಸಲು ಬಂದಿರುವುದಿಲ್ಲ.

ಧ್ವನಿವರ್ಧಕ, ಹಾವೇರಿ

ಜನ ತಲೆ ತಗ್ಗಿಸಿ ಪಿಸುಗುಟ್ಟಿದರೆ ಅದು ಸಾಮಾನ್ಯವಾಗಿ ಮಾತು ಸರಿಯಾಗಿ ಕೇಳಿಸದ ಲಕ್ಷಣ. ಪಡಸಾಲೆಗೆ ತಗಡಿನ ಮಾಡು ಇದೆಯೇ? ಶ್ರಾವಣದ ಜಿಟಿಜಿಟಿ ಮಳೆ ತಗಡಿನ ಮೇಲೆ ಬಿದ್ದರೆ ನಾಲ್ಕನೆಯ ಸಾಲಿಗೆ ಏನೂ ತಿಳಿಯುವುದಿಲ್ಲ. ಸ್ಪೀಕರ್ ಡಬ್ಬಿಯನ್ನು ನಿಮಗಿಂತ ಮುಂದೆ ಇಟ್ಟು, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಇನ್ನೊಂದು ಮಾತು, ಗುಡಿಗಳ ಆಂಪ್ಲಿಫೈಯರ್‌ಗಳಲ್ಲಿ ಭಜನೆಗೆಂದು ಎಕೋ ತಿರುಪನ್ನು ಏರಿಸಿಟ್ಟಿರುತ್ತಾರೆ. ಭಜನೆಗೆ ಅದು ಚೆನ್ನ, ಮಾತಿಗೆ ಅಲ್ಲ. ಎಕೋ ಇದ್ದರೆ ಮೆಲ್ಲಗೆ ಆಡಿದ ಮಾತೂ ಸಾರಿದ ಹಾಗೆ ಕೇಳಿಸುತ್ತದೆ. ಸೊನ್ನೆಗೆ ಇಳಿಸಿ.

ಓಣಿಯ ಹುಡುಗ, ಧಾರವಾಡ

ಅಣ್ಣನವರೇ, ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತ್ತು, ಅದೇ ತೊಂದರೆ. ಆದರೆ ನೀವು ಹೇಳಿದ ಮೇಲೆ ರೆಕಾರ್ಡನ್ನು ಮತ್ತೆ ಕೇಳಿದೆ. ಎಕೋ ಇದೆ. "ಆಸೆ ಬಿಡಬೇಕು" ಎಂಬ ನನ್ನ ಮಾತು ಮೂರು ಸಲ ಗೋಡೆಗೆ ಬಡಿದು ಬಂದಂತಿದೆ.

ನಿವೃತ್ತ ಮಾಸ್ತರ, ಗದಗ

ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೋವಾಗಿದೆ ಎಂದು ತಿಳಿದು ಕೇಳುತ್ತಿದ್ದೀರಿ, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಒಂದು ತಿದ್ದುಪಡಿ. "ಕಾಯಕವೇ ಕೈಲಾಸ" ಎಂಬ ಮಾತು ಬರುವುದು ಬಸವಣ್ಣನವರ ವಚನದಲ್ಲಲ್ಲ, ಇದೇ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು" ಎಂದು ಶುರುವಾಗಿ "ಅಮರೇಶ್ವರಲಿಂಗ" ಎಂಬ ಅವನ ಅಂಕಿತದಿಂದ ಮುಗಿಯುತ್ತದೆ. ಹುಬ್ಬಳ್ಳಿಯವರು ತಪ್ಪು ತಿಳಿಯಬಾರದು, ಅರ್ಧ ನಾಡು ಹಾಗೆಯೇ ಹೇಳುತ್ತದೆ. ಆದರೆ ಮಾರಯ್ಯನ ಕಥೆ ಹೇಳುತ್ತಾ ಅವನ ಮಾತನ್ನೇ ಅವನಿಂದ ಕಿತ್ತು ಬೇರೆಯವರಿಗೆ ಕೊಡಬಾರದು.

ಈಗ ನಿಮ್ಮ ಪ್ರಶ್ನೆ. ನೀವು ಹೇಳಿದ ಲಕ್ಕಮ್ಮನ ವಚನಕ್ಕೆ ಎರಡನೆಯ ಸಾಲೊಂದಿದೆ: "ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?" ಆಸೆಯ ಪಕ್ಕದಲ್ಲೇ ಆ ತಾಯಿ ಸಿಟ್ಟನ್ನು ಇಟ್ಟಿದ್ದಾಳೆ. ಗಂಡನ ಸೆರಗಿನಲ್ಲಿ ಹೆಚ್ಚಿನ ಅಕ್ಕಿ ಕಂಡ ಗಳಿಗೆಯಲ್ಲಿ ತನಗೆ ಏನು ಬರಬಹುದೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಒಂದು ಸಾಲು, ತನಗೆ ಒಂದು ಸಾಲು. ನೀವು ಮೊದಲನೆಯ ಸಾಲನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟಿರಿ. 13 ನಿಮಿಷ ಮಾತಾಡಿದ್ದು ಆ ಬಿಟ್ಟ ಸಾಲು. ನಿಮ್ಮ ಸಂದೇಶದಲ್ಲಿ ಲಕ್ಕಮ್ಮನ ವಿಷಯವಿತ್ತು, ಲಕ್ಕಮ್ಮನ ದನಿ ಇರಲಿಲ್ಲ.

ಹೊರಳಿದ ಜಾಗವನ್ನು ನೋಡಿ. "ನೋಡಿ" ಎಂದಿರಿ, "ಆದರೆ ಇಂದು ನಾವು" ಎಂದಿರಿ. ಈ ಎರಡು ಮಾತು ಕೇಳಿದೊಡನೆ ಕೇಳುಗರಿಗೆ ಕಥೆ ಮುಗಿಯಿತು, ಇನ್ನು ತಮ್ಮ ವಿಚಾರಣೆ ಎಂದು ತಿಳಿಯುತ್ತದೆ. ಅಲ್ಲಿಯವರೆಗೆ ಅವರು ಕಲ್ಯಾಣದ ಅಂಗಳದಲ್ಲಿ ಮಾರಯ್ಯನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕಾಳು ಆಯುತ್ತಿದ್ದರು. ನೀವು ಅವರ ಕೈ ಹಿಡಿದು ಎಬ್ಬಿಸಿ ಕಟಕಟೆಯಲ್ಲಿ ನಿಲ್ಲಿಸಿದಿರಿ.

ಇನ್ನೂ ಒಂದು ಇದೆ. ಮಾರಯ್ಯ ದುರಾಸೆಯವನಲ್ಲ. ನಾಳೆಗೆ ಕಾಳಿಲ್ಲದ ಮನೆಯವನು ಅವನು. ಆ ದಿನ ಶರಣರ ಮಾತಿನಲ್ಲಿ ಮೈಮರೆತು ಕುಳಿತಿದ್ದವನನ್ನು ಲಕ್ಕಮ್ಮನೇ "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ" ಎಂದು ಎಬ್ಬಿಸಿ ಕಳುಹಿಸುತ್ತಾಳೆ. ಹೊತ್ತಾಗಿದೆ, ಅವಸರವಿದೆ, ಕೈ ಹೆಚ್ಚು ಬಳಿದುಕೊಂಡಿದೆ. ಬಸವಣ್ಣನೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದನೆಂದು ಹೇಳುವವರೂ ಇದ್ದಾರೆ. ಎರಡರಲ್ಲಿ ಯಾವುದನ್ನು ಹೇಳಿದರೂ ಅಲ್ಲಿ ಕಳ್ಳನಿಲ್ಲ. ಕಳ್ಳನಿಲ್ಲದ ಕಥೆಗೆ ಕಳ್ಳರನ್ನು ಬೈಯುವ ಸಂದೇಶ ಹೊಂದಲಿಲ್ಲ.

ರಾಣೆಬೆನ್ನೂರಿನ ಸೊಸೆ

ಮಾಸ್ತರರ ಮಾತು ಓದಿ ಕಣ್ಣು ತುಂಬಿತು. ನನ್ನದೊಂದು ಹೇಳುತ್ತೇನೆ, ವಿಷಯ ಬೇರೆಯಾದರೆ ಕ್ಷಮಿಸಿ.

ನಮ್ಮ ಅತ್ತೆಯವರ ವರ್ಷದ ಪುಣ್ಯಸ್ಮರಣೆಗೆ 30 ಮಂದಿ ಬಂದಿದ್ದರು. ಹೇಳಲು ಬಂದವರು ಒಬ್ಬ ತಾಯಿಯ ಕಥೆ ಹೇಳಿದರು. ತಾನು ಗಂಜಿ ಕುಡಿದು ಮಗನಿಗೆ ಅನ್ನ ಇಟ್ಟವಳು. ಬಹಳ ಚೆನ್ನಾಗಿ ಹೇಳಿದರು, ಎಲ್ಲರೂ ಅತ್ತೆವು. ಕೂಡಲೇ, "ಇಂದಿನ ಸೊಸೆಯಂದಿರು ಇಂಥ ತಾಯಂದಿರನ್ನು ಮೂಲೆಗೆ ತಳ್ಳುತ್ತಾರೆ" ಎಂದರು. ಮೂರು ವರ್ಷ ನಮ್ಮ ಅತ್ತೆಯವರನ್ನು ಹಾಸಿಗೆಯಲ್ಲೇ ಸ್ನಾನ ಮಾಡಿಸಿ ಉಣಿಸಿದವಳು ನಾನು. ಕೂಡಿದವರೆಲ್ಲ ಒಮ್ಮೆ ನನ್ನ ಕಡೆ ನೋಡಿದರು. ಅವರಿಗೆ ನನ್ನ ವಿಷಯ ಗೊತ್ತಿತ್ತು, ಕೆಟ್ಟದಾಗಿ ನೋಡಲಿಲ್ಲ. ಆದರೂ ಆ ನೋಟವನ್ನು ಮರೆಯಲಾಗಿಲ್ಲ. ಅತ್ತೆಯವರಿಗಾಗಿ ಬಂದ ಅಳು ಅಲ್ಲೇ ನಿಂತುಹೋಯಿತು. ಆ ಹಿರಿಯರು ಪ್ರಸಾದ ಬಿಟ್ಟು ಹೋದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಿವೃತ್ತ ಮಾಸ್ತರ, ಗದಗ

ತಂಗಿ, ವಿಷಯ ಬೇರೆಯಲ್ಲ, ಇದೇ. ದೊಡ್ಡ ಮಠದ ಬಯಲಿನಲ್ಲಿ ಸಾವಿರ ಜನರ ಮುಂದೆ "ಇಂದಿನ ಸೊಸೆಯಂದಿರು" ಎಂದರೆ ಆ ಮಾತು ಯಾರ ಮೇಲೂ ಬೀಳದೆ ಹಾರಿ ಹೋಗುತ್ತದೆ. 25 ಮಂದಿಯಲ್ಲಿ ಅದು ಹೆಸರು ಹಿಡಿದು ಕೂಗಿದಂತೆ. ಸಣ್ಣ ಕೂಟದಲ್ಲಿ ಪ್ರತಿ ಉದಾಹರಣೆಗೂ ಒಂದು ಮುಖ ಇರುತ್ತದೆ.

ಆದ್ದರಿಂದ ನಾನು ಹೇಳಲು ಹೋಗುವ ಮನೆ ಅಥವಾ ಗುಡಿಯವರನ್ನು ಮುಂಚಿತವಾಗಿ ಕೇಳಿಕೊಳ್ಳುತ್ತೇನೆ. ಈ ವರ್ಷ ಯಾರು ತೀರಿಕೊಂಡಿದ್ದಾರೆ, ಯಾರು ಆಸ್ಪತ್ರೆಯಿಂದ ಬಂದಿದ್ದಾರೆ, ಎಲ್ಲಿ ಮನಸ್ತಾಪವಿದೆ. ಅದನ್ನು ಮಾತಿನಲ್ಲಿ ತರುವುದಕ್ಕಲ್ಲ, ತರದಿರುವುದಕ್ಕೆ. ಕೇಳಲು ಹತ್ತು ನಿಮಿಷ ಸಾಕು.

ಮನೆ ಪ್ರಾರ್ಥನೆ, ಹುಬ್ಬಳ್ಳಿ

ನಾನು ಕ್ರೈಸ್ತ ಸಭೆಯವನು. ವಾರಕ್ಕೊಂದು ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿದಾಗ ಸಣ್ಣ ಪ್ರಸಂಗ ಮಾಡುತ್ತೇನೆ. ನಿಮ್ಮ ಕಷ್ಟ ನಮ್ಮದೂ ಹೌದು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಮನೆ ಬಿಟ್ಟು ಹೋಗಿ ಮರಳಿ ಬಂದ ಕಿರಿಮಗನ ದೃಷ್ಟಾಂತ ಕಥೆಯಿದೆ. ಅದರ ಕೊನೆಯಲ್ಲಿ ಹಿರಿಮಗ ಸಿಟ್ಟಾಗಿ ಮನೆಯ ಹೊರಗೆ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಅವನು ಒಳಗೆ ಹೋದನೋ ಇಲ್ಲವೋ ಹೇಳುವುದೇ ಇಲ್ಲ. ಅದನ್ನು ಕೇಳುತ್ತಿದ್ದವರಲ್ಲಿ ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನಲ್ಲ ಎಂದು ಗೊಣಗಿದವರೇ ಇದ್ದರು. ಅಂದರೆ ಹಿರಿಮಗ ಅವರೇ. ಆದರೂ "ನೀವೇ ಆ ಹಿರಿಮಗ" ಎಂದು ಯೇಸು ಹೇಳಲಿಲ್ಲ. ಬಾಗಿಲನ್ನು ತೋರಿಸಿ ಬಿಟ್ಟ. ಬಹಳ ವರ್ಷ ನಾನು ಇದನ್ನು ಹೇಳಿ ಕೊನೆಗೆ "ನಮ್ಮಲ್ಲಿ ಎಷ್ಟು ಜನ ಹಿರಿಮಗನಂತಿದ್ದೇವೆ?" ಎಂದು ಕೇಳುತ್ತಿದ್ದೆ. ಈಗ ತಂದೆಯ ಮಾತನ್ನು ಓದಿ, ಸ್ವಲ್ಪ ಸುಮ್ಮನಿದ್ದು, ಪ್ರಾರ್ಥನೆಗೆ ಹೋಗುತ್ತೇನೆ. ಕಥೆಯೇ ಸಾಕಾದಲ್ಲಿ ನಾವು ಸೇರಿಸುವುದು ಭಾರವಾಗುತ್ತದೆ.

ಕಾಯಕಜೀವಿ, ಹುಬ್ಬಳ್ಳಿ

ಮಾಸ್ತರರು ತಿದ್ದಿದ್ದಕ್ಕೆ ಶರಣು. ಇಷ್ಟು ವರ್ಷ ತಪ್ಪಾಗಿ ಹೇಳುತ್ತಾ ಬಂದಿದ್ದೇನೆ, ಇನ್ನು ತಿದ್ದಿಕೊಳ್ಳುತ್ತೇನೆ.

ಆದರೆ ಸಂದೇಶವನ್ನು ಹೇಳದೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತಾಯಿ ಪ್ರವಚನದಿಂದ ಬಂದು "ಇವತ್ತು ಏನು ಹೇಳಿದರು ಗೊತ್ತೇನಪ್ಪಾ" ಎಂದು ಒಂದು ಮಾತನ್ನು ಮನೆಗೆ ತರುತ್ತಿದ್ದರು. ಆ ಒಂದು ಮಾತು ಇಡೀ ವಾರ ಅವರ ಜೊತೆ ಇರುತ್ತಿತ್ತು. ಸುಮ್ಮನಿದ್ದು ಕಳುಹಿಸಿದರೆ ಅಂಥವರು ಬರಿಗೈಯಲ್ಲಿ ಹೋಗುತ್ತಾರೆ. ಈಗಾಗಲೇ ಬೈಬಲ್ ಓದಿಕೊಂಡವರ ಮುಂದೆ ಮೌನ ನಡೆಯಬಹುದು. ನಮ್ಮ ಓಣಿಗಳಲ್ಲಿ ಲಕ್ಕಮ್ಮನ ಹೆಸರನ್ನೇ ಮೊದಲ ಸಲ ಕೇಳುವವರಿದ್ದಾರೆ.

ನಿವೃತ್ತ ಮಾಸ್ತರ, ಗದಗ

ನೀವು ಹೇಳಿದ್ದು ಸರಿ, ಅವರು ಹೇಳಿದ್ದೂ ಸರಿ. ಇದನ್ನು ನಾನು ಒಂದು ತೀರ್ಪಿನಿಂದ ಮುಗಿಸಲಾರೆ. ನನ್ನ ರೂಢಿ ಮಾತ್ರ ಹೇಳುತ್ತೇನೆ: ಸಂದೇಶವನ್ನು ಹೇಳುತ್ತೇನೆ, ಒಂದೇ ವಾಕ್ಯದಲ್ಲಿ ಹೇಳುತ್ತೇನೆ, ಆ ವಾಕ್ಯದ ಪದಗಳನ್ನು ಕಥೆಯೊಳಗಿಂದಲೇ ತೆಗೆದುಕೊಳ್ಳುತ್ತೇನೆ. ನಿಮ್ಮ ತಾಯಿ ಮನೆಗೆ ಒಯ್ಯುತ್ತಿದ್ದದ್ದೂ ಒಂದೇ ಮಾತು ಎಂದು ನೀವೇ ಬರೆದಿದ್ದೀರಿ. ನಾಲ್ಕು ವಚನ ಹೇಳಿದರೆ ಒಯ್ಯಲು ಕೈ ಸಾಲುವುದಿಲ್ಲ.

ಧಾರವಾಡದವರಿಗೆ ಇದೇ ಕಥೆಯನ್ನು ಬಿಡಿಸಿ ತೋರಿಸುತ್ತೇನೆ, ನಕಲು ಮಾಡಬೇಕೆಂದಲ್ಲ.

ಕಥೆಯನ್ನು ನಿಧಾನವಾಗಿ ಕಟ್ಟಿ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯನ್ನು ನಿಮ್ಮ ಕೇಳುಗರಲ್ಲಿ ಬಹಳ ಮಂದಿ ನೋಡಿರುತ್ತಾರೆ. ಚೀಲ ಇಳಿಸಿದ ಮೇಲೆ ನೆಲದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಕಲ್ಲು ಮಣ್ಣು ಬೇರೆ ಮಾಡುವ ಕೆಲಸ ನಮ್ಮ ಮಾರುಕಟ್ಟೆಗಳಿಗೆ ಹೊಸದಲ್ಲ. ಅದನ್ನು ನೆನಪಿಸಿದರೆ ಮಾರಯ್ಯನ ಕಾಯಕ ಏನೆಂದು ವಿವರಿಸಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ರಾಯಚೂರು ಸೀಮೆಯ, ಈಗಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಒಂದು ಮಾತು ಹೇಳಿ, ಅಂಕಿತದಲ್ಲಿ ಊರಿನ ದೇವರನ್ನು ಹೊತ್ತು ತಂದಿದ್ದಾರೆ ಎಂಬುದು ತಾನೇ ಹೊಳೆಯುತ್ತದೆ. ಆಮೇಲೆ ಲಕ್ಕಮ್ಮ ಅಕ್ಕಿಯನ್ನು ನೋಡುವ ಗಳಿಗೆ. ಅಲ್ಲಿ ಅವಳ ಇನ್ನೊಂದು ವಚನವಿದೆ: "ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ. ಇದು ನಿಮ್ಮ ಮನವೊ? ಬಸವಣ್ಣನ ಅನುಮಾನದ ಚಿತ್ತವೊ?" ಅವಳು ಆರೋಪ ಮಾಡಲಿಲ್ಲ, ಕೇಳಿದಳು. ಈ ಅಕ್ಕಿ ಎಲ್ಲಿಂದ ಬಂತು, ನಿಮ್ಮ ಮನಸ್ಸಿನಿಂದಲೋ, ಬಸವಣ್ಣನ ಮನಸ್ಸಿನಿಂದಲೋ? ಉತ್ತರ ಕೊಡಲು ಅವನಿಗೆ ಜಾಗ ಬಿಟ್ಟಳು. ಕೊನೆಗೆ ಹೇಳಿದ್ದು: "ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ."

ಎಲ್ಲರೂ ಇಲ್ಲಿಗೆ ಕಥೆ ನಿಲ್ಲಿಸಿ ಸಂದೇಶಕ್ಕೆ ಹಾರುತ್ತಾರೆ. ಹಾರಬೇಡಿ. ಮಾರಯ್ಯ ಇನ್ನೂ ನಡೆಯಬೇಕಾಗಿದೆ. ಮಹಾಮನೆಗೆ ಮರಳಿ ಹೋಗುವ ದಾರಿ ಇದೆ. ಬರುವಾಗ ಹಗುರವಾಗಿದ್ದ ಅದೇ ಅಕ್ಕಿ ಹೋಗುವಾಗ ಭಾರ. ದಾರಿಯಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕು? ಆ ದಾರಿಯ ಮೇಲೆ ಒಂದು ನಿಮಿಷ ಇರಿ. ನಿಮ್ಮ ಹೊರಳು ಅಲ್ಲಿದೆ. ತಂದದ್ದನ್ನು ಹಿಂದಕ್ಕೆ ಇಟ್ಟು ಬರುವ ದಾರಿಯಲ್ಲಿ ಪ್ರತಿಯೊಬ್ಬರೂ ಒಂದು ಸಲ ನಡೆದಿರುತ್ತಾರೆ, ಇಲ್ಲವೇ ನಡೆಯಬೇಕೆಂದುಕೊಂಡು ನಿಂತಿರುತ್ತಾರೆ. ಆಡಿದ ಮಾತು, ಇಟ್ಟುಕೊಂಡ ಹಣ, ಬಿಟ್ಟ ಮಾತುಕತೆ. ನೀವು ಯಾವುದನ್ನೂ ಹೆಸರಿಸಬೇಡಿ. ಅವರವರ ಅಕ್ಕಿ ಅವರವರಿಗೆ ಗೊತ್ತಿದೆ. ಬೇಕಾದರೆ ನಿಮ್ಮದೇ ಒಂದನ್ನು ಹೇಳಿ, ಸಣ್ಣದನ್ನು.

ಆಮೇಲೆ ಆ ಒಂದು ವಾಕ್ಯ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಸುರಿಯಿರಿ ಎಂದಷ್ಟೇ ಅನ್ನಲಿಲ್ಲ ಲಕ್ಕಮ್ಮ, ಸುರಿದು ಬನ್ನಿ ಎಂದಳು." ಅದರ ಮೇಲೆ ಎರಡು ಮೂರು ನಿಮಿಷ ಮೆಲುದನಿಯಲ್ಲಿ ಮಾತಾಡಿ ಮುಗಿಸಿ. ತಪ್ಪು ತೋರಿಸಿದವಳೇ ಒಲೆಯ ಮುಂದೆ ಕಾಯುತ್ತಿದ್ದಾಳೆ. ಒಟ್ಟು 15 ನಿಮಿಷ, ಅದರಲ್ಲಿ 10 ಅಥವಾ 11 ಕಥೆಗೆ. ನೀವು ಈ ಲೆಕ್ಕವನ್ನು ತಿರುಗಿಸಿದ್ದಿರಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕಣ್ಣುಗಳನ್ನು ನೋಡಿ. ಕೇಳುಗರು ತಲೆ ತಗ್ಗಿಸಿದಾಗ ಕೈಗಳು ಸುಮ್ಮನಿದ್ದರೆ ತಮ್ಮೊಳಗೆ ಹೋಗಿದ್ದಾರೆ, ಅವರನ್ನು ಅಲ್ಲಿಯೇ ಬಿಡಿ. ಸೆರಗು ಸರಿಪಡಿಸುವುದು, ಪಕ್ಕದವರನ್ನು ನೋಡುವುದು ಶುರುವಾದರೆ ನೀವು ಬೇರೆಯವರ ವಿಷಯ ಮಾತಾಡುತ್ತಿದ್ದೀರಿ ಎಂದು ಅರ್ಥ.

ಹಳಗನ್ನಡ ಪ್ರೀತಿ, ಧಾರವಾಡ

ಮಾಸ್ತರರ ಮೇಲೆ ಬಹಳ ಗೌರವವಿದೆ, ಆದರೂ ಒಂದು ಆಕ್ಷೇಪ. "ಸುರಿದು ಬನ್ನಿ" ಎನ್ನುವುದು ಕನ್ನಡದ ಸಹಜ ಮಾತು. "ನೀರು ಹಾಕಿ ಬಾ", "ದನ ಕಟ್ಟಿ ಬಾ" ಎನ್ನುವುದಿಲ್ಲವೇ? ಆ "ಬನ್ನಿ"ಯ ಮೇಲೆ ಕ್ಷಮೆಯ ಮನೆಯನ್ನು ಕಟ್ಟಿದರೆ ಲಕ್ಕಮ್ಮ ಇಡದ ಅರ್ಥವನ್ನು ನಾವು ಇಟ್ಟಂತೆ. ವಚನದ ತೂಕ ಇರುವುದು "ಒಮ್ಮನ, ಇಮ್ಮನ"ದಲ್ಲಿ. ಒಂದೇ ಮನಸ್ಸು ಎರಡಾಯಿತು ಎಂಬುದು ಅವಳ ನೋವು. ಅಕ್ಕಿಯ ಸಂದರ್ಭವಾದ್ದರಿಂದ ಅಳತೆಯ "ಮಾನ"ವೂ ಆ ಪದದಲ್ಲಿ ಧ್ವನಿಸುತ್ತಿದೆಯೇ ಎಂದೂ ನನಗೆ ಅನಿಸಿದೆ, ಒಂದು ಮಾನ ತರಬೇಕಾದಲ್ಲಿ ಎರಡು ಮಾನ. ಇಷ್ಟು ನಿಷ್ಠುರವಾದ ತಾಯಿಯನ್ನು ನಾವು ಮೆದುಗೊಳಿಸಬಾರದು. "ಅಮರೇಶ್ವರಲಿಂಗಕ್ಕೆ ಸಲ್ಲದ ಬೋನ" ಎಂದೂ ಅವಳು ಹೇಳಿದ್ದಾಳೆ, ಅದು ಕಟುವಾದ ಮಾತು.

ನಿವೃತ್ತ ಮಾಸ್ತರ, ಗದಗ

ನಿಮ್ಮ ಆಕ್ಷೇಪ ನ್ಯಾಯವಾದದ್ದು. "ಬನ್ನಿ" ರೂಢಿಯ ಮಾತೇ. ಅದನ್ನು ವಚನದ ಅರ್ಥ ಎಂದು ಹೇಳಬಾರದು, "ಈ ಮಾತು ನನಗೆ ಹೀಗೆ ಕೇಳಿಸುತ್ತದೆ" ಎಂದು ಹೇಳಬೇಕು. ಆ ಎಚ್ಚರವನ್ನು ನಾನು ಬರೆಯದೇ ಬಿಟ್ಟದ್ದು ನನ್ನ ತಪ್ಪು. ಆದರೆ ನಿಷ್ಠುರತೆ ಮತ್ತು ಮೃದುತ್ವ ಒಂದೇ ಬಾಯಲ್ಲಿ ಇರಲಾರವು ಎಂಬುದನ್ನು ಒಪ್ಪಲಾರೆ. ಅಕ್ಕಿಯ ವಿಷಯದಲ್ಲಿ ಅವಳು ಒಂದು ಕಾಳೂ ಬಿಡಲಿಲ್ಲ. ಮಾರಯ್ಯನ ವಿಷಯದಲ್ಲಿ "ಅಯ್ಯಾ" ಎಂದೇ ಮಾತಾಡಿದಳು. "ಮಾನ"ದ ವಿಚಾರ ಬಹಳ ದಿನ ನನ್ನನ್ನೂ ಕಾಡಿದೆ, ಬಲ್ಲವರು ಹೇಳಲಿ.

ಓಣಿಯ ಹುಡುಗ, ಧಾರವಾಡ

ಇಬ್ಬರಿಗೂ ಶರಣು. ಎರಡು ಪ್ರಶ್ನೆ ಉಳಿದಿವೆ. ಶೂನ್ಯಸಂಪಾದನೆಯಲ್ಲಿ ಮುಂದೆ ಲಕ್ಕಮ್ಮ ಆ ಹಿಡಿ ಅಕ್ಕಿಯಲ್ಲೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಿಸಿದ ಪ್ರಸಂಗ ಬರುತ್ತದೆಯಲ್ಲ, ಅದನ್ನೂ ಸೇರಿಸಬೇಕೇ? ನಮ್ಮ ಹಿರಿಯರು ಅದನ್ನು ಕೇಳಲು ಇಷ್ಟಪಡುತ್ತಾರೆ. ಇನ್ನೊಂದು, ಮುಂದಿನ ಸೋಮವಾರ ಎಲ್ಲರ ಮುಂದೆ ಆ ಹಿರಿಯರ ಕ್ಷಮೆ ಕೇಳಲೇ?

ರಾಣೆಬೆನ್ನೂರಿನ ಸೊಸೆ

ಎಲ್ಲರ ಮುಂದೆ ಬೇಡ ತಮ್ಮಾ. ದಯವಿಟ್ಟು ಬೇಡ. ಮತ್ತೆ ಎಲ್ಲರೂ ಅವರ ಕಡೆ ನೋಡುತ್ತಾರೆ. ಮನೆಗೆ ಹೋಗಿ.

ಕಾಯಕಜೀವಿ, ಹುಬ್ಬಳ್ಳಿ

ಜಂಗಮರಿಗೆ ಉಣಿಸಿದ್ದನ್ನು ಖಂಡಿತ ಹೇಳಿ. ಆ ಹಿಡಿ ಅಕ್ಕಿಗೆ ಅಷ್ಟು ಬಲ ಬಂದದ್ದು ಶುದ್ಧ ಕಾಯಕದಿಂದ. ಅದಿಲ್ಲದೆ ಕಥೆಯ ಫಲವೇ ಕಾಣುವುದಿಲ್ಲ. ನಮ್ಮ ಜನರ ನಂಬಿಕೆ ಅದು.

ನಿವೃತ್ತ ಮಾಸ್ತರ, ಗದಗ

ತಂಗಿ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಹೋದಾಗ ವಿವರಣೆ ಕೊಡಬೇಡಿ. "ನಿಮ್ಮ ವಿಷಯ ಗೊತ್ತಿರಲಿಲ್ಲ" ಎಂದರೆ ಈಗ ಗೊತ್ತಾಗಿದೆ ಎಂದಾಗುತ್ತದೆ, ಅದು ಇನ್ನೊಂದು ನೋವು.

ಉಣಿಸಿದ ಪ್ರಸಂಗ ದೊಡ್ಡದು, ಅದಕ್ಕೆ ಅದರದೇ ಸೋಮವಾರ ಕೊಡಿ. ಅದನ್ನು ಇಲ್ಲಿ ಸೇರಿಸಿದರೆ ಮರಳಿ ನಡೆದ ಮಾರಯ್ಯನ ದಾರಿ ಕಣ್ಮರೆಯಾಗಿ, ಅನ್ನದ ರಾಶಿಯೇ ಉಳಿಯುತ್ತದೆ. ಒಳ್ಳೆಯದು ಮಾಡಿದರೆ ಹೆಚ್ಚು ಸಿಗುತ್ತದೆ ಎಂದು ಮಕ್ಕಳು ತಿಳಿದುಬಿಡುವ ಅಪಾಯವೂ ಇದೆ. ಹೆಚ್ಚಿನದನ್ನು ಬೇಡವೆಂದ ಕಥೆಗೆ ಅದು ಒಪ್ಪುವುದಿಲ್ಲ. ಹುಬ್ಬಳ್ಳಿಯವರು ಇದನ್ನು ಒಪ್ಪಲಿಕ್ಕಿಲ್ಲ, ಅವರ ನಂಬಿಕೆಯ ಮೇಲೆ ನನಗೆ ಗೌರವವಿದೆ.

ಕಾಯಕಜೀವಿ, ಹುಬ್ಬಳ್ಳಿ

ಹೌದು, ಒಪ್ಪುವುದಿಲ್ಲ. ಆದರೆ ಅದಕ್ಕೆ ಬೇರೆ ಸೋಮವಾರ ಕೊಡುವುದಾದರೆ ಸಮಾಧಾನ.

ಓಣಿಯ ಹುಡುಗ, ಧಾರವಾಡ

ಹನ್ನೊಂದು ದಿನ ಕಳೆದು ಬರೆಯುತ್ತಿದ್ದೇನೆ. ನಡೆದದ್ದನ್ನು ಹೇಳುವುದು ನನ್ನ ಕರ್ತವ್ಯ.

ಹಿರಿಯರ ಮನೆಗೆ ಶನಿವಾರ ಸಂಜೆ ಹೋದೆ. "ಕಾಕಾ, ಹೋದ ಸೋಮವಾರ ನನ್ನ ಮಾತು ಒರಟಾಯಿತು" ಎಂದಷ್ಟೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ಚಹಾ ಕೊಡಿಸಿದರು. ನಮ್ಮ ತಂದೆಯ ಆರೋಗ್ಯ ವಿಚಾರಿಸಿದರು. ಬಾಗಿಲವರೆಗೆ ಬಂದು ಕಳುಹಿಸಿದರು.

ಸೋಮವಾರ ಅದೇ ಕಥೆಯನ್ನೇ ಹೇಳಿದೆ. "ಕಳೆದ ವಾರ ಲಕ್ಕಮ್ಮನ ವಚನದ ಎರಡನೆಯ ಸಾಲನ್ನು ನಾನು ಬಿಟ್ಟಿದ್ದೆ, ಅದಕ್ಕಾಗಿ ಮತ್ತೆ ಹೇಳುತ್ತೇನೆ" ಎಂದು ಶುರು ಮಾಡಿದೆ. ಎಕೋ ಸೊನ್ನೆಗೆ ಇಳಿಸಿದ್ದೆ. ಅರ್ಧದಲ್ಲಿ ಕರೆಂಟು ಹೋಯಿತು, ಮೈಕ್ ಇಲ್ಲದೆಯೇ ಮುಂದುವರಿಸಿದೆ, ಹಿಂದಿನ ಸಾಲಿನವರು ತಾವಾಗಿ ಮುಂದೆ ಸರಿದು ಕುಳಿತರು. ಮಾರಯ್ಯ ಮರಳಿ ನಡೆಯುವ ಜಾಗದಲ್ಲಿ ನನ್ನದೊಂದು ಹೇಳಿದೆ. ಹುಡುಗನಾಗಿದ್ದಾಗ ಅಂಗಡಿಯವರು ತಪ್ಪಿ ಹೆಚ್ಚು ಕೊಟ್ಟ 10 ರೂಪಾಯಿಯನ್ನು ಅವ್ವ ಮರಳಿ ಕೊಟ್ಟು ಬರಲು ಕಳುಹಿಸಿದ್ದು, ನಾನು ಅಂಗಡಿಯ ಮುಂದೆ ಮೂರು ಸಲ ಸುಳಿದು ಒಳಗೆ ಹೋಗಲಾರದೆ ನಿಂತದ್ದು. ಆ ಜಾಗದಲ್ಲಿ ಕೈಗಳು ಸುಮ್ಮನಿದ್ದವು, ಮಾಸ್ತರರೇ. ನೋಡಿದೆ.

ಎಲ್ಲವೂ ಚೆನ್ನಾಗಿ ಆಗಲಿಲ್ಲ. "ಸುರಿದು ಬನ್ನಿ"ಯ ಮೇಲೆ ಎರಡು ನಿಮಿಷ ಮಾತಾಡಬೇಕಿತ್ತು, ಐದಾಯಿತು, ಒಂದೇ ಮಾತನ್ನು ತಿರುತಿರುಗಿ ಹೇಳಿದೆ ಎಂದು ನನ್ನ ತಂಗಿ ಹೇಳಿದಳು. ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಆ ಅಕ್ಕಿಯನ್ನು ಮರಳಿ ಸುರಿದ ಮೇಲೆ ಬೇರೆ ಯಾರು ಆಯ್ದುಕೊಂಡರು?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಹಿರಿಯರು ಬರಲಿಲ್ಲ. ಅವರ ಮನೆಯವರು ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಪ್ರಸಾದದ ಹೊತ್ತಿಗೆ ಹತ್ತಿರ ಬಂದು, "ಎರಡನೆಯ ಸಾಲು ಅಂದೆಯಲ್ಲಪ್ಪಾ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಡು" ಎಂದರು. ಕರೆಂಟು ಇನ್ನೂ ಬಂದಿರಲಿಲ್ಲ. ನಂದಾದೀಪದ ಹತ್ತಿರ ಕುಳಿತು ಎರಡೂ ಸಾಲು ಬರೆದುಕೊಟ್ಟೆ. ಅವರು ಆ ಚೀಟಿಯನ್ನು ಮಡಿಸಿ, ಕಾಕಾರಿಗೆಂದು ಕಟ್ಟಿಸಿಕೊಂಡ ಸಜ್ಜಕದ ಪೊಟ್ಟಣದ ಜೊತೆ ಚೀಲದಲ್ಲಿ ಇಟ್ಟುಕೊಂಡರು.